ಧೂಳಿಗೊಂದು, ಮಳೆಗೊಂದು: ಬೈಕ್ ಚೈನಿಗೆ ಯಾವ ಕೀಲೆಣ್ಣೆ?

ಬೈಕಿನ ಎಂಜಿನ್ ಹುಟ್ಟಿಸುವ ಶಕ್ತಿಯೆಲ್ಲ ಹಿಂದಿನ ಚಕ್ರ ತಲುಪುವುದು ಒಂದು ಚೈನಿನ ಮೂಲಕ. ಎಂಜಿನ್ನಿನ ಒಳಭಾಗಗಳು ಎಣ್ಣೆಯಲ್ಲಿ ಮುಳುಗಿ, ಲೋಹದ ಗೋಡೆಗಳ ನಡುವೆ ಸುರಕ್ಷಿತವಾಗಿರುತ್ತವೆ. ಚೈನಿಗೆ ಆ ಅನುಕೂಲವಿಲ್ಲ. ಹೆಚ್ಚಿನ ಬೈಕ್‌ಗಳಲ್ಲಿ ಅದು ಬಯಲಿನಲ್ಲೇ ಓಡುತ್ತದೆ. ಹಿಂದಿನ ಟಯರ್ ಎರಚುವ ಮಣ್ಣು, ಮರಳು, ಕೆಸರುನೀರು ಎಲ್ಲವೂ ಅದರ ಮೇಲೆ ಬೀಳುತ್ತವೆ. ಹಾಗಾಗಿ ಚೈನಿಗೆ ಹಚ್ಚುವ ಕೀಲೆಣ್ಣೆ ಎರಡು ಕೆಲಸ ಮಾಡಬೇಕು: ಲೋಹಕ್ಕೆ ಲೋಹ ಉಜ್ಜದಂತೆ ನೋಡಿಕೊಳ್ಳಬೇಕು, ಹೊರಗಿನ ಕಸವನ್ನು ತನ್ನತ್ತ ಎಳೆದುಕೊಳ್ಳಲೂಬಾರದು. ಈ ಎರಡು ಗುಣಗಳು ಒಂದಕ್ಕೊಂದು ವಿರುದ್ಧ. ಚೆನ್ನಾಗಿ ಅಂಟಿಕೊಂಡು ಮಳೆಗೆ ತೊಳೆದುಹೋಗದ ಎಣ್ಣೆಗೆ ಧೂಳೂ ಚೆನ್ನಾಗಿ ಅಂಟುತ್ತದೆ. ಧೂಳು ಅಂಟದ ಒಣ ಪದರ ಮಳೆಯಲ್ಲಿ ಹೆಚ್ಚು ದಿನ ನಿಲ್ಲುವುದಿಲ್ಲ. ಗೇರ್ ಆಯಿಲ್, ಚೈನ್ ಸ್ಪ್ರೇ, ವ್ಯಾಕ್ಸ್ ಈ ಮೂರರ ನಡುವಿನ ಆಯ್ಕೆ ನಿಂತಿರುವುದು ಈ ವಿರೋಧದ ಮೇಲೆಯೇ.

ಚೈನ್ ಸವೆಯುವುದು ಎಲ್ಲಿ

ಚೈನನ್ನು ಹತ್ತಿರದಿಂದ ನೋಡಿದರೆ ಒಳಪಟ್ಟಿ ಮತ್ತು ಹೊರಪಟ್ಟಿಯ ಕೊಂಡಿಗಳು ಒಂದಾದ ಮೇಲೊಂದು ಜೋಡಿಸಿಕೊಂಡಿರುವುದು ಕಾಣುತ್ತದೆ. ಹೊರಪಟ್ಟಿಗಳನ್ನು ಹಿಡಿದಿರುವುದು ಒಂದು ಗಟ್ಟಿ ಉಕ್ಕಿನ ಪಿನ್. ಆ ಪಿನ್ ಒಳಪಟ್ಟಿಗೆ ಸೇರಿದ ಬುಷ್ ಎಂಬ ಸಣ್ಣ ಕೊಳವೆಯೊಳಗೆ ಕೂತಿರುತ್ತದೆ. ಬುಷ್‌ನ ಹೊರಗೆ ಸಡಿಲವಾಗಿ ತಿರುಗುವ ರೋಲರ್ ಇರುತ್ತದೆ. ಸ್ಪ್ರಾಕೆಟ್‌ನ ಹಲ್ಲಿಗೆ ತಾಗುವುದು ಈ ರೋಲರ್.

ಚೈನ್ ಸ್ಪ್ರಾಕೆಟ್ ಏರುವಾಗ ಪ್ರತಿ ಕೊಂಡಿಯೂ ಮಡಚಿಕೊಳ್ಳುತ್ತದೆ, ಇಳಿಯುವಾಗ ನೇರವಾಗುತ್ತದೆ. ಮುಂದೊಂದು, ಹಿಂದೊಂದು ಸ್ಪ್ರಾಕೆಟ್ ಇರುವುದರಿಂದ ಒಂದು ಸುತ್ತಿಗೆ ಪ್ರತಿ ಪಿನ್ ತನ್ನ ಬುಷ್‌ನೊಳಗೆ ನಾಲ್ಕು ಬಾರಿ ತಿರುಚಿಕೊಳ್ಳುತ್ತದೆ. ಸಾಮಾನ್ಯ 150 ಸಿಸಿ ಬೈಕ್ ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡುವಾಗ ಚೈನ್ ಸೆಕೆಂಡಿಗೆ ಸುಮಾರು ಮೂರು ಸುತ್ತು ಹಾಕುತ್ತದೆ. ಎಂದರೆ ಪ್ರತಿಯೊಂದು ಪಿನ್ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಬಾರಿ ಭಾರ ಹೊತ್ತು ಉಜ್ಜಿಕೊಳ್ಳುತ್ತದೆ. ಚೈನಿನ ಆಯುಸ್ಸನ್ನು ನಿರ್ಧರಿಸುವುದು ಮುಖ್ಯವಾಗಿ ಈ ಪಿನ್ ಮತ್ತು ಬುಷ್‌ಗಳ ಸಂದು.

'ಚೈನ್ ಎಳೆದಿದೆ' ಎಂದು ಮೆಕ್ಯಾನಿಕ್ ಹೇಳುವಾಗ ಉಕ್ಕಿನ ಪಟ್ಟಿಗಳು ಹಿಗ್ಗಿವೆ ಎಂದು ಅರ್ಥವಲ್ಲ. ಪಿನ್ನು, ಬುಷ್‌ಗಳು ಸವೆದು ಪ್ರತಿ ಸಂದಿನಲ್ಲೂ ಸಡಿಲ ಹುಟ್ಟಿರುತ್ತದೆ. 130 ಕೊಂಡಿಗಳ ಚೈನಿನಲ್ಲಿ ಒಂದೊಂದು ಸಂದು ಬರೀ 0.1 ಮಿ.ಮೀ. ಸವೆದರೂ ಇಡೀ ಚೈನ್ 13 ಮಿ.ಮೀ. ಉದ್ದವಾಗುತ್ತದೆ. ಆದ್ದರಿಂದ ಪಟ್ಟಿಗಳ ಹೊರಮೈಗೆ ದಪ್ಪವಾಗಿ ಬಳಿದ ಎಣ್ಣೆಯಿಂದ ತುಕ್ಕು ತಡೆಯುವುದನ್ನು ಬಿಟ್ಟರೆ ಹೆಚ್ಚಿನ ಉಪಯೋಗವಿಲ್ಲ. ಎಣ್ಣೆ ಹೋಗಬೇಕಾದದ್ದು ಸಂದಿನೊಳಕ್ಕೆ.

ಮೊದಲು ತಿಳಿಯಬೇಕಾದದ್ದು ಚೈನಿನ ಜಾತಿ

ಯಾವ ಎಣ್ಣೆ ಎಂಬ ಪ್ರಶ್ನೆಗಿಂತ ಮೊದಲು ಬೈಕಿನಲ್ಲಿರುವುದು ಯಾವ ಬಗೆಯ ಚೈನ್ ಎಂದು ನೋಡಬೇಕು. ಇಂದು ರಸ್ತೆಯಲ್ಲಿರುವ ಬೈಕ್‌ಗಳಲ್ಲಿ ಎರಡು ಬಗೆಯವಿವೆ.

ಮೊದಲನೆಯದು ಸಾದಾ ಚೈನ್. 100ರಿಂದ 125 ಸಿಸಿಯ ಅನೇಕ ಬೈಕ್‌ಗಳಲ್ಲಿ ಇರುವುದು ಇದೇ. ಇದರ ಪಿನ್, ಬುಷ್‌ಗಳ ಸಂದು ಎರಡೂ ಬದಿಗೆ ತೆರೆದಿರುತ್ತದೆ. ಹೊರಗಿನಿಂದ ಹಾಕಿದ ಎಣ್ಣೆ ಒಳಗೆ ಇಳಿಯುತ್ತದೆ. ಅದೇ ದಾರಿಯಲ್ಲಿ ನೀರು, ದೂಳೂ ಇಳಿಯುತ್ತವೆ. ಈ ಕಾರಣಕ್ಕೇ ಇಂಥ ಬೈಕ್‌ಗಳಲ್ಲಿ ಹಲವಕ್ಕೆ ಇಡೀ ಚೈನನ್ನು ಮುಚ್ಚುವ ಕವರ್ ಇರುತ್ತದೆ. ಆ ಕವರ್‌ನಲ್ಲಿ ರಬ್ಬರ್ ಮುಚ್ಚಳದ ಒಂದು ಕಿಂಡಿ ಇದ್ದು, ಅದರ ಮೂಲಕ ಚೈನಿನ ಬಿಗಿ ನೋಡಬಹುದು, ಎಣ್ಣೆಯನ್ನೂ ಹಾಕಬಹುದು. ಚಂದಕ್ಕೆಂದು ಈ ಕವರ್ ಕಳಚಿಸಿ ಓಡಿಸಿದರೆ ಚೈನಿನ ಆಯುಸ್ಸು ಬೇಗ ಮುಗಿಯುತ್ತದೆ.

ಎರಡನೆಯದು ಸೀಲ್ ಇರುವ ಚೈನ್. ಒಳಪಟ್ಟಿ ಮತ್ತು ಹೊರಪಟ್ಟಿಗಳ ನಡುವೆ ಪ್ರತಿ ಪಿನ್ನಿನ ಎರಡೂ ತುದಿಯಲ್ಲಿ ಸಣ್ಣ ರಬ್ಬರ್ ಬಳೆಗಳಿರುತ್ತವೆ. ಇವಕ್ಕೆ ಒ-ರಿಂಗ್ ಎಂದು ಹೆಸರು. ಅಡ್ಡಕೊಯ್ತ ಎಕ್ಸ್ ಅಕ್ಷರದಂತಿದ್ದರೆ ಎಕ್ಸ್-ರಿಂಗ್. ಕಾರ್ಖಾನೆಯಲ್ಲೇ ಪಿನ್ ಮತ್ತು ಬುಷ್‌ಗಳ ನಡುವೆ ಗ್ರೀಸ್ ತುಂಬಿ ಈ ಬಳೆಗಳಿಂದ ಮುಚ್ಚಿರುತ್ತಾರೆ. ಚೈನನ್ನು ಒರೆಸಿ ಪಕ್ಕದಿಂದ ನೋಡಿದರೆ ಪಟ್ಟಿಗಳ ನಡುವೆ ಕಪ್ಪು ರಬ್ಬರಿನ ಅಂಚು ಕಾಣುತ್ತದೆ. 150 ಸಿಸಿಗಿಂತ ಮೇಲಿನ ಬೈಕ್‌ಗಳಲ್ಲಿ ಹೆಚ್ಚಿನವುಗಳಲ್ಲಿ ಈ ಬಗೆಯ ಚೈನ್ ಬರುತ್ತದೆ.

ಸೀಲ್ ಇರುವ ಚೈನಿನ ಪಿನ್‌ಗೆ ಹೊರಗಿನ ಎಣ್ಣೆ ತಲುಪುವುದಿಲ್ಲ, ತಲುಪಬೇಕಾಗಿಯೂ ಇಲ್ಲ. ಹಾಗೆಂದು ಎಣ್ಣೆಯೇ ಬೇಡ ಎಂದಲ್ಲ. ರೋಲರ್ ಮತ್ತು ಬುಷ್‌ಗಳ ನಡುವಿನ ಸಂದು ಇಲ್ಲಿಯೂ ತೆರೆದೇ ಇರುತ್ತದೆ. ರೋಲರ್ ಸ್ಪ್ರಾಕೆಟ್‌ನ ಹಲ್ಲಿಗೆ ಬಡಿಯುವ ಜಾಗಕ್ಕೆ ಎಣ್ಣೆಯ ಪದರ ಬೇಕು. ಪಟ್ಟಿಗಳು ತುಕ್ಕು ಹಿಡಿಯಬಾರದು. ಎಲ್ಲಕ್ಕಿಂತ ಮುಖ್ಯವಾಗಿ ರಬ್ಬರ್ ಬಳೆಗಳು ಒಣಗಿ ಬಿರುಕು ಬಿಡಬಾರದು. ಬಳೆ ಹರಿದರೆ ಒಳಗಿನ ಗ್ರೀಸ್ ಹೊರಹೋಗುತ್ತದೆ, ಅದನ್ನು ಮತ್ತೆ ತುಂಬುವ ಉಪಾಯವಿಲ್ಲ. ಒಟ್ಟಿನಲ್ಲಿ ಸಾದಾ ಚೈನಿಗೆ ಒಳಗಿಳಿಯುವ ಎಣ್ಣೆ ಬೇಕು. ಸೀಲ್ ಇರುವುದಕ್ಕೆ ಹೊರಮೈಯನ್ನೂ ರಬ್ಬರನ್ನೂ ಕಾಯುವ ಪದರ ಸಾಕು.

ಧೂಳು ಮಾಡುವ ಹಾನಿ, ಮಳೆ ಮಾಡುವ ಹಾನಿ

ರಸ್ತೆಯ ಧೂಳಿನಲ್ಲಿ ಮರಳಿನ ಅಂಶವಿರುತ್ತದೆ. ಮರಳಿನ ಕಣ ಗಾಜನ್ನು ಗೀರುವಷ್ಟು ಗಟ್ಟಿ. ಒಣ ಧೂಳು ಒಣ ಚೈನಿನ ಮೇಲೆ ಬಿದ್ದರೆ ಬಹುಪಾಲು ಉದುರಿಹೋಗುತ್ತದೆ. ಅದೇ ಧೂಳು ಜಿಗುಟು ಎಣ್ಣೆಯ ಮೇಲೆ ಬಿದ್ದರೆ ಅಲ್ಲೇ ಉಳಿದು, ಎಣ್ಣೆಯೊಂದಿಗೆ ಬೆರೆತು ಕಪ್ಪು ಹಿಟ್ಟಿನಂತಾಗುತ್ತದೆ. ಗ್ಯಾರೇಜಿನಲ್ಲಿ ವಾಲ್ವ್ ತಿಕ್ಕಲು ಬಳಸುವ ಪೇಸ್ಟಿನಂತೆ ಈ ಹಿಟ್ಟು ಲೋಹವನ್ನು ಅರೆಯುತ್ತದೆ. ಸಾದಾ ಚೈನಿನಲ್ಲಿ ಅದು ಪಿನ್ ಮತ್ತು ಬುಷ್‌ಗಳನ್ನು ತಿನ್ನುತ್ತದೆ. ಸೀಲ್ ಇರುವ ಚೈನಿನಲ್ಲಿ ರಬ್ಬರ್ ಬಳೆಯ ಅಂಚನ್ನು, ರೋಲರನ್ನು, ಸ್ಪ್ರಾಕೆಟ್‌ನ ಹಲ್ಲನ್ನು ತಿನ್ನುತ್ತದೆ. ಚೈನ್ ಕರ್ರಗೆ ಹೊಳೆಯುತ್ತಿದ್ದರೆ 'ಎಣ್ಣೆ ಚೆನ್ನಾಗಿದೆ' ಎಂದುಕೊಳ್ಳುವವರಿದ್ದಾರೆ. ಆ ಕಪ್ಪನ್ನು ಎರಡು ಬೆರಳಿನ ನಡುವೆ ತಿಕ್ಕಿದಾಗ ಮರಳು ಕೈಗೆ ಸಿಕ್ಕಿದರೆ ಸ್ಥಿತಿ ಚೆನ್ನಾಗಿಲ್ಲ ಎಂದೇ ತಿಳಿಯಬೇಕು.

ಮಳೆಯ ಕೆಲಸ ಬೇರೆ. ಟಯರಿನಿಂದ ಚಿಮ್ಮುವ ನೀರು ರೋಲರ್‌ನ ಮೇಲಿನ ಎಣ್ಣೆಯನ್ನು ಸ್ವಲ್ಪ ಸ್ವಲ್ಪವಾಗಿ ತೊಳೆದುಹಾಕುತ್ತದೆ. ನೀರು ಸಂದಿಗೆ ಇಳಿದು ಎಣ್ಣೆಯ ಜಾಗವನ್ನು ಆಕ್ರಮಿಸುತ್ತದೆ. ಓಡುವಾಗ ಇದು ಗೊತ್ತಾಗುವುದಿಲ್ಲ. ಸಂಜೆ ಬೈಕ್ ನಿಲ್ಲಿಸಿದ ಮೇಲೆ, ರಾತ್ರಿ ಕಳೆಯುವಷ್ಟರಲ್ಲಿ ಎಣ್ಣೆ ಹೋದ ಉಕ್ಕಿನ ಮೇಲೆ ಕೆಂಪು ತುಕ್ಕು ಕಾಣಿಸಿಕೊಳ್ಳುತ್ತದೆ. ಮರುದಿನ ಓಡಿಸಿದಾಗ ಆ ತುಕ್ಕಿನ ಪುಡಿಯೂ ಅರೆಯುವ ಕೆಲಸಕ್ಕೆ ಸೇರಿಕೊಳ್ಳುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕರಾವಳಿಯಲ್ಲಿ ಗಾಳಿಯ ಉಪ್ಪಿನಂಶ ಇದನ್ನು ಇನ್ನಷ್ಟು ಬೇಗ ಮಾಡಿಸುತ್ತದೆ.

ಗೇರ್ ಆಯಿಲ್: ಹಳೆಯದು, ಒಳಗಿಳಿಯುವುದು

ಗ್ಯಾರೇಜುಗಳಲ್ಲಿ '90 ನಂಬರ್ ಆಯಿಲ್' ಎಂದು ಕರೆಯುವುದು ಎಸ್‌ಎಇ 90 ದರ್ಜೆಯ ಗೇರ್ ಎಣ್ಣೆಯನ್ನು. ಹಲವು ಬೈಕ್ ಕಂಪನಿಗಳು ಕೈಪಿಡಿಯಲ್ಲಿ ಚೈನಿಗೆ ಹೇಳುವುದೂ ಇದನ್ನೇ. ಗೇರ್ ಹಲ್ಲುಗಳ ನಡುವಿನ ತೀವ್ರ ಒತ್ತಡವನ್ನು ತಾಳಲೆಂದು ತಯಾರಾದ ಎಣ್ಣೆ ಇದು. ಹಾಗಾಗಿ ರೋಲರ್ ಸ್ಪ್ರಾಕೆಟ್‌ಗೆ ಒತ್ತಿಕೊಳ್ಳುವ ಜಾಗದಲ್ಲಿಯೂ ಇದರ ಪದರ ಸುಲಭವಾಗಿ ಹರಿಯುವುದಿಲ್ಲ. ರಬ್ಬರ್ ಬಳೆಗಳಿಗೂ ಇದರಿಂದ ತೊಂದರೆಯಿಲ್ಲ.

ಇದರ ದೊಡ್ಡ ಗುಣ ಸಂದಿನೊಳಗೆ ಇಳಿಯುವುದು. ಬೈಕ್ ಓಡಿಸಿ ಬಂದ ಕೂಡಲೇ ಚೈನ್ ಬೆಚ್ಚಗಿರುವಾಗ ಹಾಕಿದರೆ ಎಣ್ಣೆ ತೆಳುವಾಗಿ ಬುಷ್‌ನವರೆಗೂ ಹೋಗುತ್ತದೆ. ಸಾದಾ ಚೈನಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಇನ್ನೊಂದು ಗುಣವೆಂದರೆ, ಹೊಸದಾಗಿ ಹಾಕಿದ ಎಣ್ಣೆ ಹಳೆಯ ಕೊಳೆಯನ್ನು ಸಡಿಲಿಸಿ ಹೊರತಳ್ಳುತ್ತದೆ, ಬಟ್ಟೆಯಿಂದ ಒರೆಸಿದರೆ ಕೊಳೆ ಬಂದುಬಿಡುತ್ತದೆ.

ಕೊರತೆಗಳೂ ಅಷ್ಟೇ ಸ್ಪಷ್ಟ. ಗೇರ್ ಆಯಿಲ್ ಒಣಗುವುದಿಲ್ಲ, ಸದಾ ಒದ್ದೆಯಾಗಿಯೇ ಇರುತ್ತದೆ. ಹೆಚ್ಚಾದರೆ ಚೈನ್ ತಿರುಗುವ ರಭಸಕ್ಕೆ ರಿಮ್ಮು, ಟಯರು, ಸವಾರನ ಪ್ಯಾಂಟಿನ ಮೇಲೆಲ್ಲ ಸಿಡಿಯುತ್ತದೆ. ಧೂಳು ತಕ್ಷಣ ಮೆತ್ತಿಕೊಳ್ಳುತ್ತದೆ. ಜೋರುಮಳೆಯಲ್ಲಿ ಬೇಗ ತೊಳೆದುಹೋಗುತ್ತದೆ. ಆದ್ದರಿಂದ ಇದನ್ನು ಬಳಸುವವರು ಸ್ವಲ್ಪವೇ ಹಾಕಬೇಕು, ಪದೇ ಪದೇ ಹಾಕಬೇಕು, ಪ್ರತಿ ಸಲವೂ ಒರೆಸಬೇಕು.

ಸ್ಪ್ರೇ: ಅಂಟುವುದೇ ಗುಣ, ಅಂಟುವುದೇ ದೋಷ

ಡಬ್ಬಿಯಲ್ಲಿ ಬರುವ ಚೈನ್ ಸ್ಪ್ರೇಯಲ್ಲಿ ಎಣ್ಣೆ, ಅದನ್ನು ಜಿಗುಟಾಗಿಸುವ ಪದಾರ್ಥ ಮತ್ತು ಇವೆರಡನ್ನೂ ತೆಳುವಾಗಿ ಹೊತ್ತೊಯ್ಯುವ ದ್ರಾವಕ ಇರುತ್ತವೆ. ಸಿಂಪಡಿಸಿದಾಗ ಅದು ನೀರಿನಂತೆ ಸಂದಿಗೆ ಹರಿಯುತ್ತದೆ. ಸ್ವಲ್ಪ ಹೊತ್ತಿನಲ್ಲಿ ದ್ರಾವಕ ಆವಿಯಾಗಿ ಜಿಗುಟು ಎಣ್ಣೆಯಷ್ಟೇ ಉಳಿಯುತ್ತದೆ. ಸ್ಪ್ರೇ ಸಿಡಿಯುತ್ತದೆ ಎಂದು ದೂರುವವರಲ್ಲಿ ಹೆಚ್ಚಿನವರು ಈ 'ಸ್ವಲ್ಪ ಹೊತ್ತು' ಕಾಯದೆ ಬೈಕ್ ಓಡಿಸಿರುತ್ತಾರೆ. ಕನಿಷ್ಠ ಅರ್ಧ ಗಂಟೆ ಬಿಡಬೇಕು. ರಾತ್ರಿ ಹೊಡೆದು ಬೆಳಗ್ಗೆ ಓಡಿಸುವುದು ಎಲ್ಲಕ್ಕಿಂತ ಒಳ್ಳೆಯದು.

ಒಮ್ಮೆ ಕೂತ ಮೇಲೆ ಈ ಪದರ ಗೇರ್ ಆಯಿಲ್‌ಗಿಂತ ಹೆಚ್ಚು ಹೊತ್ತು ಮಳೆಗೆ ನಿಲ್ಲುತ್ತದೆ. ಡಾಂಬರು ರಸ್ತೆಯ ಮಳೆಗೆ, ಹೆದ್ದಾರಿಯ ದೂರದ ಸವಾರಿಗೆ ಇದು ತಕ್ಕದ್ದು. ಆದರೆ ಹೊಲದ ದಾರಿ, ಕ್ವಾರಿ ರಸ್ತೆ, ಕಾಮಗಾರಿ ನಡೆಯುತ್ತಿರುವ ಹೆದ್ದಾರಿಗಳಲ್ಲಿ ಅದೇ ಅಂಟುತನ ಶತ್ರುವಾಗುತ್ತದೆ. ಸಂಡೂರಿನ ಅದಿರು ಲಾರಿಗಳು ಎಬ್ಬಿಸುವ ಕೆಂಧೂಳಿನಲ್ಲಿ ಜಿಗುಟು ಸ್ಪ್ರೇ ಹೊಡೆದ ಚೈನ್ ಬೇಗನೆ ಕೆಂಪು ಕೆಸರು ಬಳಿದಂತಾಗುತ್ತದೆ.

ಎಲ್ಲ ಸ್ಪ್ರೇಗಳೂ ಒಂದೇ ಅಲ್ಲ. ಡಬ್ಬಿಯ ಮೇಲೆ 'ರೋಡ್' ಎಂದಿರುವವು ಹೆಚ್ಚು ಜಿಗುಟು. 'ಆಫ್ ರೋಡ್' ಅಥವಾ 'ಡ್ರೈ' ಎಂದಿರುವವು ಹೆಚ್ಚು ಒಣ ಪದರ ಬಿಡುತ್ತವೆ. ಸೀಲ್ ಇರುವ ಚೈನಿಗೆ ಕೊಳ್ಳುವಾಗ ಒ-ರಿಂಗ್‌ಗೆ ಹೊಂದುತ್ತದೆ ಎಂಬ ಸೂಚನೆ ಡಬ್ಬಿಯ ಮೇಲಿದೆಯೇ ಎಂದು ಓದಿಕೊಳ್ಳಬೇಕು.

ವ್ಯಾಕ್ಸ್: ಧೂಳಿಗೆ ಒಣ ಪದರ

ಚೈನ್ ವ್ಯಾಕ್ಸ್ ಕೂಡ ಬಹುಮಟ್ಟಿಗೆ ಸ್ಪ್ರೇ ಡಬ್ಬಿಯಲ್ಲೇ ಸಿಗುತ್ತದೆ. ಇಲ್ಲಿ ದ್ರಾವಕ ಆರಿಹೋದ ಮೇಲೆ ಉಳಿಯುವುದು ಎಣ್ಣೆಯಲ್ಲ, ಮೇಣದ ಪದರ. ಮುಟ್ಟಿದರೆ ಕೈಗೆ ಹೆಚ್ಚು ಅಂಟುವುದಿಲ್ಲ. ಧೂಳು ಬಿದ್ದರೂ ಬಹಳಷ್ಟು ಉದುರುತ್ತದೆ, ರಿಮ್ಮಿಗೆ ಸಿಡಿಯುವುದೂ ಕಡಿಮೆ. ಬೇಸಿಗೆಯ ಒಣ ಮಣ್ಣುದಾರಿಯಲ್ಲಿ ಸೀಲ್ ಇರುವ ಚೈನಿಗೆ ಇದು ಚೆನ್ನಾಗಿ ಒಗ್ಗುತ್ತದೆ.

ಇದರ ಮಿತಿ ಹುಟ್ಟುವುದೂ ಅದೇ ಗುಣದಿಂದ. ಗಟ್ಟಿಯಾದ ಮೇಣ ಹರಿಯುವುದಿಲ್ಲ. ಎಣ್ಣೆಯ ಪದರ ಒಂದು ಕಡೆ ಸವೆದರೆ ಪಕ್ಕದ ಎಣ್ಣೆ ಹರಿದು ಬಂದು ತುಂಬುತ್ತದೆ, ಮೇಣದ ಪದರ ಕಿತ್ತುಹೋದರೆ ಆ ಜಾಗ ಬರಿದಾಗಿಯೇ ಉಳಿಯುತ್ತದೆ. ಸತತ ಮಳೆಯಲ್ಲಿ ರೋಲರ್‌ನ ಮೇಲಿನ ಪದರ ಕಿತ್ತುಹೋಗಿ ಬೇಗ ತುಕ್ಕು ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ. ಕೊಳೆಯಾದ ಚೈನಿನ ಮೇಲೆ ಹೊಡೆದರೆ ವ್ಯಾಕ್ಸ್ ಕೊಳೆಯನ್ನೇ ಒಳಗಿಟ್ಟು ಮುಚ್ಚಿಬಿಡುತ್ತದೆ. ಹಾಗಾಗಿ ಮೂರರಲ್ಲಿ ಅತ್ಯಂತ ಶುಚಿಯಾದ ಚೈನನ್ನು ಬೇಡುವುದು ಇದು. ಸಾದಾ ಚೈನಿನ ಒಳಸಂದಿಗೆ ಇದೊಂದನ್ನೇ ನಂಬುವುದು ಸರಿಯಲ್ಲ.

ಸೈಕಲ್ ಸವಾರರು ಚೈನನ್ನು ಬಿಚ್ಚಿ ಕರಗಿದ ಬಿಸಿ ಮೇಣದಲ್ಲಿ ಅದ್ದುವ ರೂಢಿಯಿದೆ. ಅದನ್ನು ಬೈಕಿನ ಸೀಲ್ ಇರುವ ಚೈನಿಗೆ ಅನ್ವಯಿಸಬಾರದು. ಕರಗಿದ ಮೇಣ ರಬ್ಬರ್ ಬಳೆಯನ್ನು ದಾಟಿ ಒಳಗೆ ಹೋಗುವುದಿಲ್ಲ, ಬಿಸಿಯಿಂದ ಬಳೆಗೂ ಒಳಗಿನ ಗ್ರೀಸಿಗೂ ಹಾನಿಯಾಗುವ ಅಪಾಯವಷ್ಟೇ ಉಳಿಯುತ್ತದೆ.

ಹಚ್ಚಬಾರದವು

ಎಂಜಿನ್ನಿನಿಂದ ತೆಗೆದ ಹಳೇ ಆಯಿಲ್ಲನ್ನು ಚೈನಿಗೆ ಸುರಿಯುವ ಅಭ್ಯಾಸ ಇನ್ನೂ ಇದೆ. ಆ ಎಣ್ಣೆಯಲ್ಲಿ ಎಂಜಿನ್ ಸವೆದ ಲೋಹದ ಸೂಕ್ಷ್ಮ ಪುಡಿ, ಮಸಿ, ಆಮ್ಲಾಂಶ ಸೇರಿರುತ್ತವೆ. ಅದು ಸಂದಿಗೆ ಇಳಿಸುವುದು ಆ ಕಸವನ್ನೇ. ಚೈನಿನ ಮೇಲೆ ದಪ್ಪ ಗ್ರೀಸ್ ಮೆತ್ತುವುದೂ ಪ್ರಯೋಜನಕ್ಕಿಲ್ಲ. ಗ್ರೀಸ್ ಒಳಗೆ ಹೋಗದೆ ಹೊರಗೇ ಕುಳಿತು ಧೂಳು ಹಿಡಿಯುತ್ತದೆ.

ತುಕ್ಕು ಬಿಡಿಸಲು ಬಳಸುವ ಡಬ್ಲ್ಯುಡಿ-40ಯಂಥ ಸ್ಪ್ರೇಗಳನ್ನೂ ಚೈನ್ ಎಣ್ಣೆಯೆಂದು ಭಾವಿಸಬಾರದು. ಆ ಹೆಸರಿನಲ್ಲಿರುವ 'ಡಬ್ಲ್ಯುಡಿ' ನೀರನ್ನು ಹೊರತಳ್ಳುವುದು ಎಂಬುದರ ಇಂಗ್ಲಿಷ್ ಸಂಕ್ಷೇಪ. ಒದ್ದೆಯಾದ ಲೋಹದಿಂದ ನೀರು ಬಿಡಿಸಲು ಅದು ನೆರವಾಗುತ್ತದೆ, ಆದರೆ ಅದು ಉಳಿಸಿಹೋಗುವ ಪದರ ತೀರ ತೆಳು. ಅದರ ಮೇಲೆ ಚೈನಿಗೆಂದೇ ಇರುವ ಎಣ್ಣೆ ಹಾಕದಿದ್ದರೆ ಚೈನ್ ಒಣಗಿಯೇ ಓಡುತ್ತದೆ.

ತೊಳೆಯುವ ಮತ್ತು ಹಚ್ಚುವ ಕ್ರಮ

ಯಾವ ಎಣ್ಣೆ ಆರಿಸಿಕೊಂಡರೂ ಹಚ್ಚುವ ಕ್ರಮ ಸರಿಯಿಲ್ಲದಿದ್ದರೆ ವ್ಯರ್ಥ. ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಬೇಕು. ಎಂಜಿನ್ ಬಂದ್ ಆಗಿರಬೇಕು, ಗೇರ್ ನ್ಯೂಟ್ರಲ್‌ನಲ್ಲಿರಬೇಕು, ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು. ಕೆಲಸ ಬೇಗ ಮುಗಿಯಲೆಂದು ಎಂಜಿನ್ ಚಾಲೂ ಮಾಡಿ ಗೇರ್ ಹಾಕಿ ಚಕ್ರ ತಿರುಗಿಸುವವರು, ಬಟ್ಟೆ ಚೈನಿಗೆ ಸಿಕ್ಕಿ ಎಳೆದುಕೊಂಡಾಗ ಸ್ಪ್ರಾಕೆಟ್‌ಗೆ ಬೆರಳನ್ನೇ ಕಳೆದುಕೊಂಡಿದ್ದಾರೆ.

ತೊಳೆಯಲು ಸೀಮೆಎಣ್ಣೆ ಅಥವಾ ಒ-ರಿಂಗ್‌ಗೆ ಹೊಂದುವ ಚೈನ್ ಕ್ಲೀನರ್ ಬಳಸಬೇಕು. ಪೆಟ್ರೋಲ್ ಬೇಡ. ಅದು ರಬ್ಬರ್ ಬಳೆಗಳನ್ನು ಉಬ್ಬಿಸಿ ಕೆಡಿಸುತ್ತದೆ, ಬೆಂಕಿಯ ಅಪಾಯವೂ ಇದೆ. ಮೆತ್ತಗಿನ ನೈಲಾನ್ ಬ್ರಷ್‌ನಿಂದ ನಾಲ್ಕೂ ಕಡೆ ಉಜ್ಜಬೇಕು. ತಂತಿಯ ಬ್ರಷ್ ಬಳೆಗಳನ್ನು ಹರಿಯುತ್ತದೆ. ಸರ್ವೀಸ್ ಸ್ಟೇಷನ್ನಿನ ಜೋರಾದ ನೀರಿನ ಪೈಪನ್ನು ನೇರ ಚೈನಿಗೆ ಹಿಡಿಯಬಾರದು, ಬಳೆಯ ಅಂಚಿನಿಂದ ನೀರು ಒಳನುಗ್ಗಬಹುದು. ಕೊಳೆ ಬಿಟ್ಟ ಮೇಲೆ ಒಣ ಬಟ್ಟೆಯಿಂದ ಒರೆಸಿ, ಸಂಪೂರ್ಣ ಆರಲು ಬಿಡಬೇಕು. ಸೀಮೆಎಣ್ಣೆಯಾಗಲಿ ನೀರಾಗಲಿ ಉಳಿದಿರುವಾಗ ಎಣ್ಣೆ ಹಾಕಿದರೆ ಹೊಸ ಎಣ್ಣೆ ತೆಳುವಾಗುತ್ತದೆ, ಇಲ್ಲವೇ ಪದರದ ಅಡಿಯಲ್ಲಿ ನೀರು ಸಿಕ್ಕಿಕೊಳ್ಳುತ್ತದೆ.

ಎಣ್ಣೆಯನ್ನು ಚೈನಿನ ಕೆಳಸಾಲಿನ ಒಳಬದಿಗೆ, ಎಂದರೆ ಸ್ಪ್ರಾಕೆಟ್‌ನ ಹಲ್ಲು ತಾಗುವ ಮೈಗೆ ಹಾಕಬೇಕು. ಚೈನ್ ತಿರುಗುವಾಗ ಎಣ್ಣೆ ಹೊರಕ್ಕೆ ಸರಿಯುತ್ತದೆ. ಒಳಬದಿಗೆ ಹಾಕಿದ್ದು ರೋಲರ್ ಮತ್ತು ಪಟ್ಟಿಗಳ ಮೂಲಕ ಹಾದು ಬರುತ್ತದೆ, ಹೊರಬದಿಗೆ ಹಾಕಿದ್ದು ನೇರ ರಿಮ್ಮಿಗೆ ಹಾರುತ್ತದೆ. ಗುರಿ ಇಡಬೇಕಾದದ್ದು ಪಟ್ಟಿಗಳ ನಡುವಿನ ಎರಡು ಸಾಲು ಸಂದುಗಳಿಗೆ ಮತ್ತು ನಡುವಿನ ರೋಲರ್‌ಗೆ. ಹಿಂದೆ ಒಂದು ರಟ್ಟು ಹಿಡಿದರೆ ಸ್ಪ್ರೇ ಟಯರಿಗೂ ಬ್ರೇಕ್ ಡಿಸ್ಕಿಗೂ ತಾಗುವುದಿಲ್ಲ. ಡಿಸ್ಕಿಗೆ ತಾಗಿದ ಎಣ್ಣೆಯಿಂದ ಬ್ರೇಕ್ ಹಿಡಿಯದೆ ಹೋಗುತ್ತದೆ, ಟಯರಿಗೆ ತಾಗಿದರೆ ತಿರುವಿನಲ್ಲಿ ಬೈಕ್ ಜಾರುತ್ತದೆ.

ಎಷ್ಟು ಎಣ್ಣೆ ಬೇಕು ಎಂಬುದಕ್ಕೆ ಲೆಕ್ಕ ಸುಲಭ. 130 ಕೊಂಡಿಗಳ ಚೈನಿನ ಎರಡು ಬದಿಗೂ ಒಂದೊಂದು ಹನಿಯಂತೆ 260 ಹನಿ ಬೇಕಾಗುತ್ತದೆ. ಇಪ್ಪತ್ತು ಹನಿಗೆ ಒಂದು ಮಿ.ಲೀ. ಎಂದು ಹಿಡಿದರೆ ಒಟ್ಟು 13 ಮಿ.ಲೀ. ಆಗುತ್ತದೆ. ಹಳೆಯ ಇಂಜೆಕ್ಷನ್ ಸಿರಿಂಜ್ ಅಥವಾ ಮೂತಿ ಸಣ್ಣಗಿರುವ ಎಣ್ಣೆ ಡಬ್ಬಿಯಿಂದ ಹನಿಸಿದರೆ ಒಂದು ಲೀಟರ್ ಗೇರ್ ಆಯಿಲ್ 70ಕ್ಕೂ ಹೆಚ್ಚು ಬಾರಿಗೆ ಬರುತ್ತದೆ. ಹಾಕಿ ಹತ್ತಾರು ನಿಮಿಷ ಬಿಟ್ಟು, ಹೊರಮೈಯಲ್ಲಿ ಮಿಕ್ಕಿದ್ದನ್ನು ಬಟ್ಟೆಯಿಂದ ಗಟ್ಟಿಯಾಗಿ ಒರೆಸಿಬಿಡಬೇಕು. ಒಳಗಿನ ಎಣ್ಣೆ ಒಳಗೇ ಇರುತ್ತದೆ, ಹೋಗುವುದು ಧೂಳು ಹಿಡಿಯುವ ಭಾಗ ಮಾತ್ರ.

ಒಂದು ವರ್ಷದ ಲೆಕ್ಕ

ಇಷ್ಟೆಲ್ಲವನ್ನೂ ಒಂದು ಉದಾಹರಣೆಗೆ ಹೊಂದಿಸಿ ನೋಡಬಹುದು. ಕಲಘಟಗಿ ಕಡೆಯ ಒಂದು ಹಳ್ಳಿಯಿಂದ ಹುಬ್ಬಳ್ಳಿಗೆ ದಿನವೂ ಕೆಲಸಕ್ಕೆ ಹೋಗಿಬರುವ ಸವಾರನ ಬೈಕ್ ಇದೆ ಎಂದುಕೊಳ್ಳೋಣ. ಹೋಗಿಬರಲು 40 ಕಿ.ಮೀ., ತಿಂಗಳಿಗೆ 25 ದಿನ, ಒಟ್ಟು 1,000 ಕಿ.ಮೀ. ದಾರಿಯ ಸ್ವಲ್ಪ ಭಾಗ ಮಣ್ಣುರಸ್ತೆ. ಬೈಕ್ 160 ಸಿಸಿಯದು, ಸೀಲ್ ಇರುವ 428 ಅಳತೆಯ ಚೈನ್. ಈ ಭಾಗ ಬಯಲುಸೀಮೆಯೂ ಮಲೆನಾಡೂ ಸೇರುವ ಅಂಚು. ಬೇಸಿಗೆಯಲ್ಲಿ ಎರೆಮಣ್ಣಿನ ಧೂಳು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದ ಮಳೆ.

ಸಾಮಾನ್ಯವಾಗಿ ಕೈಪಿಡಿಗಳು ಹೇಳುವುದು ಸುಮಾರು 500 ಕಿ.ಮೀ.ಗೊಮ್ಮೆ ಎಣ್ಣೆ ಹಾಕಿ ಎಂದು. ಬೇಸಿಗೆಯಲ್ಲಿ ಈ ಬೈಕಿಗೆ ಅದು ಸಾಕು: ತಿಂಗಳಿಗೆ ಎರಡು ಬಾರಿ. ಫೆಬ್ರವರಿಯಿಂದ ಮೇವರೆಗೆ ವ್ಯಾಕ್ಸ್ ಅಥವಾ ಒಣ ಪದರದ ಸ್ಪ್ರೇ ಬಳಸಿ, ಎರಡು ಸಲಕ್ಕೊಮ್ಮೆ ಸೀಮೆಎಣ್ಣೆಯಲ್ಲಿ ತೊಳೆದರೆ ಧೂಳು ಕಟ್ಟಿಕೊಳ್ಳುವುದಿಲ್ಲ. ನಡುವಿನ ವಾರಗಳಲ್ಲಿ ಒಣ ಬಟ್ಟೆಯಿಂದ ಒರೆಸುವುದಷ್ಟೇ ಸಾಕು.

ಮೊದಲ ಮಳೆಗೆ ಮುನ್ನ, ಮೇ ಕೊನೆಯಲ್ಲಿ, ಚೈನನ್ನು ಪೂರ್ತಿ ತೊಳೆದು ಹಳೆಯ ಮೇಣದ ಪದರ ತೆಗೆಯಬೇಕು. ಅದು ಉಳಿದಿದ್ದರೆ ಹೊಸ ಎಣ್ಣೆ ಲೋಹಕ್ಕೆ ಸೇರುವುದಿಲ್ಲ. ಮಳೆಗಾಲದಲ್ಲಿ ಅಂತರ ಅರ್ಧಕ್ಕಿಳಿಯುತ್ತದೆ: ವಾರಕ್ಕೊಮ್ಮೆ, ಸುಮಾರು 250 ಕಿ.ಮೀ.ಗೆ. ದಾರಿ ಪೂರ್ತಿ ಡಾಂಬರಿನದಾಗಿದ್ದರೆ ಜಿಗುಟು ಸ್ಪ್ರೇ ಉತ್ತಮ. ಈ ಸವಾರನ ದಾರಿಯಲ್ಲಿ ಕೆಸರಿದೆ. ಒದ್ದೆ ಎರೆಮಣ್ಣು ಜಿಗುಟು ಪದರಕ್ಕೆ ಕಚ್ಚಿಕೊಂಡರೆ ಬಿಡಿಸುವುದು ಕಷ್ಟ. ಆದ್ದರಿಂದ ಇಲ್ಲಿ ಗೇರ್ ಆಯಿಲ್ ಮೇಲು. ಅದು ಬೇಗ ತೊಳೆದುಹೋಗುವುದು ನಿಜ, ಆದರೆ ಸುಲಭವಾಗಿ ಒರೆಸಬಹುದು, ಐದು ನಿಮಿಷದಲ್ಲಿ ಮತ್ತೆ ಹಾಕಬಹುದು. ದಿನವಿಡೀ ಮಳೆಯಲ್ಲಿ ನೆನೆದ ಸಂಜೆ ವಾರದ ಲೆಕ್ಕ ನೋಡದೆ ಚೈನನ್ನು ಒರೆಸಿ, ಆರಿದ ಮೇಲೆ ಎಣ್ಣೆ ಹಾಕಿಯೇ ಮಲಗಬೇಕು. ಬೆಳಗ್ಗೆ ಹಾಕಿದರಾಯಿತು ಎಂದು ಬಿಟ್ಟರೆ ಅಷ್ಟರಲ್ಲಿ ತುಕ್ಕು ಶುರುವಾಗಿರುತ್ತದೆ. ಅಕ್ಟೋಬರ್‌ನಿಂದ ಜನವರಿವರೆಗೆ ಧೂಳೂ ಮಳೆಯೂ ಕಡಿಮೆ. ಆಗ ಮೂರರಲ್ಲಿ ಯಾವುದಾದರೂ 500 ಕಿ.ಮೀ.ಗೊಮ್ಮೆ ನಡೆಯುತ್ತದೆ.

ಇದೇ ದಾರಿಯಲ್ಲಿ ಸಾದಾ ಚೈನಿನ 100 ಸಿಸಿ ಬೈಕ್ ಓಡಿಸುವವರಿಗೆ ಉತ್ತರ ಇನ್ನೂ ಸರಳ: ವರ್ಷವಿಡೀ ಗೇರ್ ಆಯಿಲ್, ಮುಚ್ಚಿದ ಕವರ್, ಕಿಂಡಿಯ ಮೂಲಕ ನಿಯಮಿತವಾಗಿ ಹನಿಸುವುದು. ಮಳೆಗಾಲ ಮುಗಿದ ಮೇಲೆ ಒಮ್ಮೆ ಕವರ್ ಬಿಚ್ಚಿಸಿ, ಲಾಕ್ ಇರುವ ಚೈನಾದರೆ ಕಳಚಿ ಸೀಮೆಎಣ್ಣೆಯಲ್ಲಿ ತೊಳೆದು, ಗೇರ್ ಆಯಿಲ್‌ನಲ್ಲಿ ನೆನೆಹಾಕಿ ಸೋರಿಸಿ ಹಾಕಬಹುದು. ಮರಳಿ ಹಾಕುವಾಗ ಲಾಕ್ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರಬೇಕು. ತೆರೆದ ತುದಿ ಮುಂದಿದ್ದರೆ ಏನಾದರೂ ತಾಗಿ ಕ್ಲಿಪ್ ಕಳಚಿಕೊಳ್ಳಬಹುದು.

ಕೆಟ್ಟಿದೆ ಎಂದು ತಿಳಿಯುವುದು ಹೇಗೆ

ಎಣ್ಣೆ ಕಡಿಮೆಯಾದ ಚೈನ್ ಮೊದಲು ಸದ್ದು ಮಾಡುತ್ತದೆ. ನಿಧಾನವಾಗಿ ಹೋಗುವಾಗ ಹಿಂದಿನಿಂದ ಕರಕರ ಕೇಳಿಸುತ್ತದೆ, ರೋಲರ್‌ಗಳು ಒಣಗಿ ಬೆಳ್ಳಗೆ ಹೊಳೆಯುತ್ತವೆ. ಇದು ಎಣ್ಣೆಯಿಂದ ಸರಿಹೋಗುವ ಹಂತ. ಚಕ್ರವನ್ನು ಕೈಯಿಂದ ತಿರುಗಿಸುವಾಗ ಕೆಲವು ಕೊಂಡಿಗಳು ಸ್ಪ್ರಾಕೆಟ್ ಬಿಟ್ಟ ಮೇಲೂ ನೇರವಾಗದೆ ಮಡಚಿಕೊಂಡೇ ಉಳಿದರೆ ಆ ಸಂದುಗಳು ಹಿಡಿದುಕೊಂಡಿವೆ ಎಂದು ಅರ್ಥ. ಸೀಮೆಎಣ್ಣೆ ಹಾಕಿ, ಮಡಚಿ ಬಿಚ್ಚಿ, ಎಣ್ಣೆ ಹಾಕಿದಾಗ ಕೆಲವು ಬಿಡುತ್ತವೆ. ಸೀಲ್ ಇರುವ ಚೈನಿನಲ್ಲಿ ಯಾವುದೋ ಒಂದು ಪಿನ್ನಿನ ಸುತ್ತ ಕೆಂಪು ಪುಡಿ ಮತ್ತೆ ಮತ್ತೆ ಕಂಡರೆ ಅಲ್ಲಿಯ ಬಳೆ ಹರಿದು, ಗ್ರೀಸ್ ಹೋಗಿ, ಒಳಗೆ ತುಕ್ಕು ಹಿಡಿದಿದೆ. ಅದನ್ನು ಯಾವ ಎಣ್ಣೆಯೂ ಸರಿಮಾಡುವುದಿಲ್ಲ.

ಸವೆತವನ್ನು ಅಳತೆಪಟ್ಟಿಯಿಂದ ಅಳೆಯಬಹುದು. 428 ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 12.7 ಮಿ.ಮೀ. ಚೈನನ್ನು ಬಿಗಿಯಾಗಿ ಎಳೆದು ಹಿಡಿದು, ಒಂದು ಪಿನ್ನಿನ ಮಧ್ಯದಿಂದ 21ನೇ ಪಿನ್ನಿನ ಮಧ್ಯದವರೆಗೆ ಅಳೆದರೆ ಹೊಸದರಲ್ಲಿ 254 ಮಿ.ಮೀ. ಇರಬೇಕು. ನಮ್ಮ ಉದಾಹರಣೆಯ ಬೈಕಿನಲ್ಲಿ ಅದು 256 ಬಂದರೆ ಚೈನ್ ಶೇ. 0.8ರಷ್ಟು ಉದ್ದವಾಗಿದೆ, ಇನ್ನೂ ಓಡಿಸಬಹುದು. 259 ಮುಟ್ಟಿದರೆ ಹೆಚ್ಚುಕಡಿಮೆ ಶೇ. 2 ಆದಂತೆ, ಅಲ್ಲಿಗೆ ಅದರ ಕಾಲ ಮುಗಿಯಿತು. ಕೈಪಿಡಿ ಇದಕ್ಕಿಂತ ಕಡಿಮೆ ಮಿತಿ ಹೇಳಿದ್ದರೆ ಅದನ್ನೇ ಪಾಲಿಸಬೇಕು. ಮೂರು ನಾಲ್ಕು ಕಡೆ ಅಳೆಯುವುದು ಒಳ್ಳೆಯದು, ಏಕೆಂದರೆ ಚೈನ್ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಅಳತೆಪಟ್ಟಿ ಇಲ್ಲದಿದ್ದರೆ ಹಿಂದಿನ ಸ್ಪ್ರಾಕೆಟ್‌ನ ತೀರ ಹಿಂಬದಿಯಲ್ಲಿ ಚೈನನ್ನು ಹಿಡಿದು ಹಿಂದಕ್ಕೆ ಎಳೆದು ನೋಡಬಹುದು. ಅರ್ಧ ಹಲ್ಲು ಕಾಣುವಷ್ಟು ಎದ್ದರೆ ಬದಲಿಸುವ ಸಮಯ ಬಂದಿದೆ.

ಬಿಗಿಯನ್ನೂ ಪ್ರತಿ ಸಲ ಎಣ್ಣೆ ಹಾಕುವಾಗಲೇ ನೋಡಬೇಕು. ಸಾಮಾನ್ಯ ಬೈಕ್‌ಗಳಲ್ಲಿ ಚೈನಿನ ಕೆಳಸಾಲು ಮಧ್ಯದಲ್ಲಿ 20ರಿಂದ 30 ಮಿ.ಮೀ. ಮೇಲೆ ಕೆಳಗೆ ಆಡಬೇಕು, ನಿಖರ ಅಳತೆ ಕೈಪಿಡಿಯಲ್ಲಿ ಅಥವಾ ಸ್ವಿಂಗ್‌ಆರ್ಮ್ ಮೇಲಿನ ಚೀಟಿಯಲ್ಲಿ ಇರುತ್ತದೆ. ತೀರ ಬಿಗಿಯಾದ ಚೈನಿನಲ್ಲಿ ಪಿನ್‌ಗಳ ಮೇಲೆ ಸದಾ ಭಾರವಿರುತ್ತದೆ, ಎಣ್ಣೆಯ ಪದರ ನಿಲ್ಲುವುದೇ ಇಲ್ಲ. ಚಕ್ರ ತಿರುಗಿಸಿದಂತೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಎಂದು ಕಂಡರೆ ಅದು ಅಸಮವಾಗಿ ಸವೆದ ಚೈನಿನ ಲಕ್ಷಣ.

ಬದಲಿಸುವಾಗ ಚೈನ್ ಮಾತ್ರವಲ್ಲ, ಮುಂದಿನ ಮತ್ತು ಹಿಂದಿನ ಸ್ಪ್ರಾಕೆಟ್ ಸೇರಿದ ಪೂರ್ತಿ ಸೆಟ್ ಹಾಕಿಸಬೇಕು. ಹಳೆಯ ಸ್ಪ್ರಾಕೆಟ್‌ನ ಹಲ್ಲುಗಳು ಒಂದು ಕಡೆಗೆ ಬಾಗಿ ಕೊಕ್ಕೆಯಂತಾಗಿರುತ್ತವೆ. ಅವು ಹೊಸ ಚೈನಿನ ರೋಲರ್‌ಗಳನ್ನು ಬೇಗ ಹಾಳುಮಾಡುತ್ತವೆ. ಹೊಸ ಸೆಟ್ ಕೂರಿಸಿದ ದಿನವೇ ಹಿಂದೆ ಹೇಳಿದಂತೆ 20 ಕೊಂಡಿಗಳ ಉದ್ದ ಅಳೆದು ಬೈಕಿನ ಸರ್ವೀಸ್ ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ, ಮುಂದಿನ ಬೇಸಿಗೆಯ ಧೂಳಿಗೂ ಮಳೆಗೂ ಆಯ್ದ ಎಣ್ಣೆ ಎಷ್ಟು ಚೆನ್ನಾಗಿ ಕೆಲಸ ಮಾಡಿದೆ ಎಂಬುದನ್ನು ಆ ಅಳತೆಗೆ ಹೋಲಿಸಿ ತಿಳಿಯಬಹುದು.